ಆ ಏಳು ಅಂಕ ಎಲ್ಲಿಂದ ಬಂತು?

*“ಸರ್, ನಮಸ್ಕಾರ. ಸಮ್ಮೇಳನಕ್ಕೆ ನನ್ನ ಶೀರ್ಷಿಕೆ, ಸಾರಾಂಶ, ಜೊತೆಗೆ ಪೂರ್ತಿ ಕರಡನ್ನೂ ಕಳಿಸಿದ್ದೇನೆ.*

*ಶೀರ್ಷಿಕೆ: ಉನ್ನತ ಶಿಕ್ಷಣದಲ್ಲಿ ಪೀರ್ ಟ್ಯೂಟರಿಂಗ್‌ನ ಪಾತ್ರ ಮತ್ತು ಪ್ರಭಾವ: ಒಂದು ಅಧ್ಯಯನ.*

*ಸಾರಾಂಶ: ಇಂದಿನ ಸ್ಪರ್ಧಾತ್ಮಕ ಯುಗದಲ್ಲಿ ಉನ್ನತ ಶಿಕ್ಷಣ ಹಲವು ಸವಾಲುಗಳನ್ನು ಎದುರಿಸುತ್ತಿದೆ. ರಾಷ್ಟ್ರೀಯ ಶಿಕ್ಷಣ ನೀತಿ 2020 ಪೀರ್ ಟ್ಯೂಟರಿಂಗ್‌ಗೆ ಒತ್ತು ನೀಡಿದೆ. ಈ ಹಿನ್ನೆಲೆಯಲ್ಲಿ ನಮ್ಮ ಬಿ.ಕಾಂ. ತರಗತಿಯಲ್ಲಿ ಪ್ರಯೋಗ ನಡೆಸಲಾಯಿತು. ಭಾಗವಹಿಸಿದವರು ಉಳಿದವರಿಗಿಂತ ಸರಾಸರಿ 7 ಅಂಕ ಹೆಚ್ಚು ಪಡೆದರು. ದೊಡ್ಡ ತರಗತಿಗಳಿಗೆ ಈ ವಿಧಾನ ಪರಿಣಾಮಕಾರಿ ಎಂದು ಇದರಿಂದ ಸಾಬೀತಾಗಿದೆ.*

*ಏನು ತಿದ್ದಬೇಕು? ಆಯ್ಕೆ ಆಗುತ್ತಾ?”*

ಮೇಡಂ,

ಹೀಗೇ ಬಂದರೆ ಆಗುವುದಿಲ್ಲ. ಆದರೆ ನಿಮ್ಮ ಕರಡು ನಿಮ್ಮ ಸಾರಾಂಶಕ್ಕಿಂತ ತುಂಬಾ ಚೆನ್ನಾಗಿದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಆ 7 ಅಂಕದ ವಿಷಯ. ನಿಮ್ಮ ಐದನೇ ಪುಟದ ಟೇಬಲ್ ಹಿಡಿದು ಒಂದು ಹಾಳೆಯ ಮೇಲೆ ಲೆಕ್ಕ ಹಾಕಿದೆ. ತರಗತಿಯಲ್ಲಿ 140 ಮಂದಿ. ಪೀರ್ ಟ್ಯೂಟರಿಂಗ್ ಅಂದರೆ ಅವರಲ್ಲೇ ಕೆಲವರು ಸಹಪಾಠಿಗಳಿಗೆ ಹೇಳಿಕೊಡುವುದು. ‘ಭಾಗವಹಿಸಿದವರು’ 62, ಎರಡನೇ ಇಂಟರ್ನಲ್‌ನಲ್ಲಿ ಅವರ ಸರಾಸರಿ 40ಕ್ಕೆ 31. ಉಳಿದ 78 ಮಂದಿಯದು 24. ವ್ಯತ್ಯಾಸ 7, ಸರಿ. ಆದರೆ ಆ 62ರಲ್ಲಿ ಹೇಳಿಕೊಟ್ಟ 14 ಟ್ಯೂಟರ್‌ಗಳೂ ಸೇರಿಬಿಟ್ಟಿದ್ದಾರೆ! ಹಾಜರಿ ಪುಸ್ತಕದಲ್ಲಿ ಅವರ ಹೆಸರೂ ಇದ್ದದ್ದಕ್ಕೆ ಹೀಗಾಗಿರಬೇಕು. ಅವರನ್ನು ನೀವು ಆರಿಸಿದ್ದೇ ಚೆನ್ನಾಗಿ ಓದುತ್ತಾರೆ ಅಂತ. ಅವರ ಸರಾಸರಿ 36. ಅವರನ್ನು ತೆಗೆದರೆ ಹೇಳಿಸಿಕೊಂಡವರು 48 ಮಂದಿ, ಅವರ ಸರಾಸರಿ ಸುಮಾರು 29.5ಕ್ಕೆ ಇಳಿಯುತ್ತದೆ. ಅಲ್ಲಿಗೆ ಏಳು ಹೋಗಿ ಐದೂವರೆ ಆಯಿತು.

ಇನ್ನೂ ಇದೆ. ಮೊದಲ ಇಂಟರ್ನಲ್ ನಡೆದದ್ದು ಸೆಷನ್‌ಗಳು ಶುರುವಾಗುವ ಮೊದಲು. ಆಗಲೇ ಈ 48 ಮಂದಿಯ ಸರಾಸರಿ 26 ಇತ್ತು, ಉಳಿದವರದು 23. ಅಂದರೆ ಯಾರೂ ಯಾರಿಗೂ ಹೇಳಿಕೊಡದೆ ಇದ್ದಾಗಲೇ 3 ಅಂಕದ ಅಂತರ ಇತ್ತು. ಹೇಳಿಸಿಕೊಂಡವರು ಮೂರೂವರೆ ಅಂಕ ಮೇಲೇರಿದರು, ಉಳಿದವರು ಒಂದು ಅಂಕ. ನೀವು ಮಾತಾಡಬಹುದಾದ ವ್ಯತ್ಯಾಸ ಎರಡೂವರೆ ಅಂಕ.

ಬೇಜಾರಾಗಬೇಡಿ. ಎರಡೂವರೆ ಸಣ್ಣದಲ್ಲ. ನೀವೇ ಹೇಳಿದರೆ ಅದು ಪ್ರಬಂಧ. ಸಭೆಯಲ್ಲಿ ಯಾರೋ ಎದ್ದು ನಿಂತು “ಟ್ಯೂಟರ್‌ಗಳು ಯಾವ ಲೆಕ್ಕದಲ್ಲಿದ್ದಾರೆ?” ಅಂತ ಕೇಳಿ ಹೊರಗೆ ತೆಗೆದರೆ, ನಿಮ್ಮ ಮಿಕ್ಕ ಕೆಲಸವನ್ನೂ ಆಮೇಲೆ ಯಾರೂ ನಂಬುವುದಿಲ್ಲ.

ಆ ಎರಡೂವರೆ ಕೂಡ ಪೂರ್ತಿ ಸೆಷನ್‌ಗಳದ್ದೇ ಅಂತ ಹೇಳಲಾಗದು. ಇದು ನಿಮ್ಮೊಬ್ಬರ ತೊಂದರೆ ಅಲ್ಲ. ಅಮೆರಿಕದ ಕಾನ್ಸಸ್ ಸಿಟಿಯಲ್ಲಿ 1973ರಲ್ಲಿ ‘ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್’ ಶುರುವಾಯಿತು. ಕಷ್ಟದ ವಿಷಯಕ್ಕೆ ಸೀನಿಯರ್ ವಿದ್ಯಾರ್ಥಿ ಕೂತು ಹೇಳಿಕೊಡುವುದು, ಇಷ್ಟವಿದ್ದವರು ಬರುವುದು. ಅದರ ಬಗ್ಗೆ ಆವತ್ತಿನಿಂದ ಇವತ್ತಿನವರೆಗೂ ಕೇಳುವ ಪ್ರಶ್ನೆ ಒಂದೇ: ಬಂದವರು ಕಲಿತದ್ದು ಬಂದದ್ದಕ್ಕಾ, ಅಥವಾ ಕಲಿಯುವ ಮನಸ್ಸಿದ್ದವರೇ ಬಂದರಾ? ನಿಮ್ಮಲ್ಲೂ ಬರುವುದು ಅವರವರ ಇಷ್ಟಕ್ಕೆ ಬಿಟ್ಟದ್ದು. ಹಾಗಾಗಿ ‘ಸಾಬೀತಾಗಿದೆ’ ಅನ್ನುವ ಪದ ಹೋಗಲೇಬೇಕು.

ಈಗ ನನಗೆ ನಿಜವಾಗಿ ಖುಷಿ ಕೊಟ್ಟ ಜಾಗ, ಏಳನೇ ಪುಟ. ಸೆಷನ್ ಸಂಜೆ ನಾಲ್ಕಕ್ಕೆ, ಹಳ್ಳಿ ಕಡೆಯ ಬಸ್ಸು ನಾಲ್ಕೂಕಾಲಿಗೆ. 22 ಮಂದಿ ಮೊದಲ ದಿನ ಹೆಸರು ಕೊಟ್ಟು, ಬಸ್ಸಿನಿಂದಾಗಿ ಒಂದು ಸಲವೂ ಬರಲಿಲ್ಲ ಅಂತ ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಮೇಡಂ, ಅಲ್ಲೇ ಇದೆ ನಿಮ್ಮ ಪ್ರಬಂಧ! ಈ 22 ಮಂದಿಗೆ ಮನಸ್ಸಿತ್ತು, ದಾರಿ ಇರಲಿಲ್ಲ. 48 ಮಂದಿಯನ್ನು ಹೋಲಿಸಬೇಕಾದದ್ದು ಮೊದಲು ಇವರ ಜೊತೆ. ಮನಸ್ಸೇ ಇಲ್ಲದೆ ಮನೆಗೆ ಹೋದವರ ಜೊತೆ ಆಮೇಲೆ. ಇದೂ ಪಕ್ಕಾ ಅಲ್ಲ, ನಿಜ. ದಿನಾ ಬಸ್ಸಲ್ಲಿ ಓಡಾಡುವವರಿಗೆ ಮನೆಯಲ್ಲಿ ಓದಲು ಸಿಗುವ ಹೊತ್ತೇ ಕಡಿಮೆ. ಆ ಮಾತನ್ನೂ ಒಂದು ಸಾಲಿನಲ್ಲಿ ಹೇಳಿಬಿಡಿ.

ಇನ್ನೊಂದು, ಸೆಷನ್‌ನಲ್ಲಿ ನಡೆದದ್ದೇನು ಅಂತ ಸಾರಾಂಶದಲ್ಲಿ ಒಂದಕ್ಷರ ಇಲ್ಲ. ಕರಡಿನಲ್ಲಿ ಎಷ್ಟು ಚೆನ್ನಾಗಿದೆ: ಫೈನಲ್ ಅಕೌಂಟ್ಸ್‌ನ ಅಡ್ಜಸ್ಟ್‌ಮೆಂಟ್‌ಗಳು, ನಾಲ್ಕೈದು ಜನರ ಗುಂಪು. ಕೊಡಬೇಕಾದ ಬಾಡಿಗೆ 2,000 ಅಂತ ಲೆಕ್ಕದ ಕೆಳಗೆ ಬಂದರೆ ಅರ್ಧ ತರಗತಿ ಅದನ್ನು ಲಾಭ–ನಷ್ಟದ ಖಾತೆಯಲ್ಲಿ ಬಾಡಿಗೆಗೆ ಕೂಡಿಸಿ ಸುಮ್ಮನಾಗುತ್ತದೆ. ಬ್ಯಾಲೆನ್ಸ್ ಶೀಟಿನ ಹೊಣೆಗಳ ಕಡೆ ತೋರಿಸುವುದನ್ನು ಮರೆಯುತ್ತದೆ, ಮೊತ್ತ 2,000 ತಪ್ಪುತ್ತದೆ. ನಿಮ್ಮ ಟ್ಯೂಟರ್ ಹುಡುಗಿಯೊಬ್ಬಳು ಪ್ರತಿ ಅಡ್ಜಸ್ಟ್‌ಮೆಂಟ್ ಪಕ್ಕ ಎರಡು ಖಾಲಿ ಚೌಕ ಬರೆಸಿ, ಎರಡಕ್ಕೂ ಟಿಕ್ ಬೀಳುವ ತನಕ ಮುಂದಿನದಕ್ಕೆ ಬಿಡುತ್ತಿರಲಿಲ್ಲ. ಓದಿ ನಾನೇ ನಕ್ಕೆ, ನಮ್ಮ ಕಾಲದಲ್ಲಿ ಇಂಥವಳೊಬ್ಬಳು ಪಕ್ಕದಲ್ಲಿದ್ದಿದ್ದರೆ ಅಂತ. ಓದುವವರಿಗೆ ನೀವು ಮಾಡಿದ್ದು ಏನು ಅಂತ ಗೊತ್ತಾಗುವುದು ಇಂಥ ಕಡೆ.

ಜಾಗ ಎಲ್ಲಿದೆ ಅಂತೀರಾ? ಮೊದಲ ಎರಡು ವಾಕ್ಯ ತೆಗೆಯಿರಿ. ‘ಇಂದಿನ ಸ್ಪರ್ಧಾತ್ಮಕ ಯುಗ’ ಈ ಸಲ ನಮಗೆ ಬಂದ ಸಾರಾಂಶಗಳಲ್ಲಿ ಎಷ್ಟು ಕಡೆ ಇತ್ತು ಅಂತ ಎಣಿಸುವುದನ್ನೇ ಬಿಟ್ಟೆ. ಶಿಕ್ಷಣ ನೀತಿಯ ಮಾತು ಬೇರೆ ಕಾರಣಕ್ಕೆ ತೊಡಕು. 2020ರ ನೀತಿಯಲ್ಲಿ ಪೀರ್ ಟ್ಯೂಟರಿಂಗ್ ಮುಖ್ಯವಾಗಿ ಬರುವುದು ಎರಡನೇ ಅಧ್ಯಾಯದಲ್ಲಿ, ಶಾಲೆಯ ಮಕ್ಕಳಿಗೆ ಓದು, ಬರಹ, ಲೆಕ್ಕದ ಅಡಿಪಾಯ ಹಾಕುವ ಭಾಗದಲ್ಲಿ. ಅದೂ ಒಬ್ಬರು ಒಬ್ಬರಿಗೇ ಕೂತು ಹೇಳಿಕೊಡುವುದರ ಬಗ್ಗೆ. 140 ಮಂದಿಯ ಬಿ.ಕಾಂ. ತರಗತಿಗೆ ಅದನ್ನು ಆಧಾರ ಮಾಡಿದರೆ ಬಲ್ಲವರು ಹುಬ್ಬೇರಿಸುತ್ತಾರೆ. ಹಾಗೇ, ಕರಡಿನ ಮುಖ್ಯಪದಗಳಲ್ಲಿ ‘ಪೀರ್ ಇನ್‌ಸ್ಟ್ರಕ್ಷನ್’ ಅಂತ ಹಾಕಿದ್ದೀರಿ. ಅದು ಹಾರ್ವರ್ಡ್‌ನ ಎರಿಕ್ ಮಜೂರ್ 1991ರಲ್ಲಿ ಭೌತಶಾಸ್ತ್ರದ ಪಾಠದಲ್ಲಿ ಶುರುಮಾಡಿದ್ದು. ಪಾಠದ ಮಧ್ಯೆ ಪ್ರಶ್ನೆ ಕೇಳಿ, ಉತ್ತರ ಆರಿಸಿ, ಪಕ್ಕದವರ ಜೊತೆ ವಾದಿಸಿ, ಮತ್ತೆ ಆರಿಸುವುದು. ಅಲ್ಲಿ ಟ್ಯೂಟರ್ ಅನ್ನುವವರೇ ಇಲ್ಲ. ಆ ಪದ ತೆಗೆದುಬಿಡಿ.

ಶೀರ್ಷಿಕೆಯಲ್ಲಿ ‘ಪಾತ್ರ ಮತ್ತು ಪ್ರಭಾವ’, ‘ಒಂದು ಅಧ್ಯಯನ’ ಎರಡೂ ಏನೂ ಹೇಳುವುದಿಲ್ಲ. ‘ಉನ್ನತ ಶಿಕ್ಷಣ’ ಅಂದರೆ ಇಡೀ ದೇಶ, ನಿಮ್ಮದು ಒಂದು ತರಗತಿ. ಹೀಗೆ ಮಾಡಬಹುದು:

140 ವಿದ್ಯಾರ್ಥಿಗಳ ಬಿ.ಕಾಂ. ತರಗತಿಯಲ್ಲಿ ಪೀರ್ ಟ್ಯೂಟರಿಂಗ್: ಬಂದವರು, ಬರಲಾಗದವರು ಮತ್ತು ಅಂಕಗಳಲ್ಲಿನ ಬದಲಾವಣೆ

ಸಾರಾಂಶವನ್ನು ನಾನು ಬರೆದು ನೋಡಿದ್ದು ಹೀಗಿದೆ, ನಿಮ್ಮ ಮಾತಿಗೆ ತಿರುಗಿಸಿಕೊಳ್ಳಿ:

“ದೊಡ್ಡ ತರಗತಿಯಲ್ಲಿ ಫೈನಲ್ ಅಕೌಂಟ್ಸ್‌ನ ಅಡ್ಜಸ್ಟ್‌ಮೆಂಟ್‌ಗಳನ್ನು ಒಬ್ಬೊಬ್ಬರಿಗೂ ತಿದ್ದಿ ಕಲಿಸಲು ಅಧ್ಯಾಪಕರಿಗೆ ಆಗುವುದಿಲ್ಲ. 140 ವಿದ್ಯಾರ್ಥಿಗಳ ಒಂದು ಬಿ.ಕಾಂ. ತರಗತಿಯಲ್ಲಿ 14 ಸಹಪಾಠಿಗಳು ಸಣ್ಣ ಗುಂಪುಗಳಿಗೆ ಎಂಟು ಸೆಷನ್ ಹೇಳಿಕೊಟ್ಟರು. ಹಾಜರಾಗುವುದು ಐಚ್ಛಿಕವಾಗಿತ್ತು. ಹೇಳಿಸಿಕೊಂಡ 48 ಮಂದಿಯ ಸರಾಸರಿ 40ಕ್ಕೆ 26ರಿಂದ 29.5ಕ್ಕೆ ಏರಿತು. ಬಾರದ 78 ಮಂದಿಯದು 23ರಿಂದ 24ಕ್ಕೆ ಏರಿತು. ಅವರಲ್ಲಿ ಹೆಸರು ಕೊಟ್ಟು ಬಸ್ಸಿನಿಂದಾಗಿ ಬರಲಾಗದ 22 ಮಂದಿಯ ಸರಾಸರಿ ___ರಿಂದ ___ಕ್ಕೆ ಬದಲಾಯಿತು. ಗುಂಪುಗಳನ್ನು ಚೀಟಿ ಎತ್ತಿ ಮಾಡಿಲ್ಲವಾದ್ದರಿಂದ ಈ ವ್ಯತ್ಯಾಸವನ್ನು ಪೂರ್ತಿಯಾಗಿ ಸೆಷನ್‌ಗಳ ಫಲ ಎನ್ನಲಾಗದು.”

ಆ ಎರಡು ಖಾಲಿ ಜಾಗ ತುಂಬಲು ನನ್ನ ಹತ್ತಿರ ಅಂಕಗಳಿಲ್ಲ. 22 ಮಂದಿಯ ಎರಡೂ ಇಂಟರ್ನಲ್ ಅಂಕ ತೆಗೆದು ನೋಡಿ. ಅವರೂ ಮೂರೂವರೆ ಏರಿದ್ದರೆ, ಏರಿಕೆಗೆ ಸೆಷನ್ ಕಾರಣ ಅನ್ನುವ ಮಾತು ನಿಲ್ಲುವುದು ಕಷ್ಟ. ಆಗ ಶೀರ್ಷಿಕೆಯನ್ನೇ ಬದಲಿಸೋಣ. ಏನೇ ಬಂದರೂ ಆ ಸಂಖ್ಯೆಯ ಜೊತೆಗೇ ಕಳಿಸಿ, ಓದುತ್ತೇನೆ.