ಹಾಫ್ ಲ್ಯಾಪ್ ಜಾಯಿಂಟಲ್ಲಿ ಸಂದಿ ಬಿಟ್ಟಿದ್ದು ಯಾವ ಶೋಲ್ಡರ್ ತಪ್ಪಿಂದ?

ಪ್ರಶ್ನೆ: 70 ಎಂಎಂ ಅಗಲ, 36 ಎಂಎಂ ದಪ್ಪದ ಮರದಲ್ಲಿ 600 × 400 ಎಂಎಂ ಫ್ರೇಮ್ ಮಾಡ್ತಿದೀನಿ, ನಾಲ್ಕು ಮೂಲೆಗೂ ಹಾಫ್ ಲ್ಯಾಪ್, ಅಂದ್ರೆ ಎರಡೂ ಮರದ ತುದೀಲಿ ಅರ್ಧ ದಪ್ಪ ತೆಗೆದು ಒಂದರ ಮೇಲೊಂದು ಕೂರಿಸೋ ಜಾಯಿಂಟ್. ಒಂದು ಮೂಲೇಲಿ ಶೋಲ್ಡರ್, ಅಂದ್ರೆ ಅರ್ಧ ದಪ್ಪ ತೆಗೆದ ಜಾಗ ಮುಗಿಯೋ ಕಡೆ ನಿಲ್ಲೋ ಗೋಡೆ, ಒಳಗಡೆ ತುದೀಲಿ ಕೂತಿದೆ, ಹೊರಗಡೆ ತುದೀಲಿ ಸುಮಾರು 1 ಎಂಎಂ ಸಂದಿ. ಕ್ಲಾಂಪ್ ಬಿಗಿ ಮಾಡಿದ್ರೆ ಮುಚ್ಚುತ್ತೆ ಆದ್ರೆ ಫ್ರೇಮ್ ಸೊಟ್ಟ ಆಗುತ್ತೆ. ಇನ್ನೊಂದು ಮೂಲೇಲಿ ಎರಡು ಮರದ ಮೇಲ್ಮೈ ಒಂದೇ ಮಟ್ಟಕ್ಕೆ ಬರ್ತಿಲ್ಲ. ಗ್ಲೂ ಹಾಕೋಕೆ ಮುಂಚೆ ಏನು ಸರಿ ಮಾಡ್ಲಿ?

ಉತ್ತರ: ಮೊದ್ಲು ಕ್ಲಾಂಪ್ ತೆಗೆದಿಡಿ. ಕ್ಲಾಂಪ್ ಹಾಕಿ ಮುಚ್ಚಿದ್ರೆ ಸಂದಿ ಸರಿ ಹೋದ ಹಾಗಲ್ಲ, ಅದನ್ನ ಹಾಗೇ ಅಂಟಿಸಿದ್ರೆ ಆ ಒತ್ತಡ ಫ್ರೇಮ್ ಒಳಗೇ ಉಳ್ಕೊಂಡುಬಿಡುತ್ತೆ. ಲೆಕ್ಕ ನೋಡಿ, ನಿಮ್ಮ ಶೋಲ್ಡರ್ ಉದ್ದ 70 ಎಂಎಂ, ಅಷ್ಟರಲ್ಲಿ 1 ಎಂಎಂ ಓರೆ ಇದ್ರೆ 460 ಎಂಎಂ ಆಚೆ ಇರೋ ಇನ್ನೊಂದು ಮೂಲೆ ಹತ್ರ ಹೋಗೋ ಹೊತ್ತಿಗೆ ಅದು ಸುಮಾರು 6.5 ಎಂಎಂ ಆಗಿರುತ್ತೆ. ಫ್ರೇಮ್ ಸೊಟ್ಟ ಆಗ್ದೆ ಇನ್ನೇನಾಗುತ್ತೆ?

ಈಗ ಮುಖ್ಯವಾದ ವಿಷಯ. ಪ್ರತಿ ಮೂಲೇಲೂ ಶೋಲ್ಡರ್ ಒಂದಲ್ಲ, ಎರಡು. ಉದ್ದದ ಮರದ ಶೋಲ್ಡರ್ ಮುಂದಿನಿಂದ ಕಾಣುತ್ತೆ ಅಂದ್ರೆ ಅಡ್ಡ ಮರದ ಶೋಲ್ಡರ್ ಫ್ರೇಮ್ ತಿರುಗಿಸಿದ್ರೆ ಹಿಂದ್ಗಡೆ ಇರುತ್ತೆ. ಒಂದೊಂದೂ ಎದುರು ಮರದ ಒಳ ಅಂಚಿಗೆ ತಾಗಿ ಕೂರುತ್ತೆ, ಹಾಗಾಗಿ ಆ ಮೂಲೆ 90 ಡಿಗ್ರಿ ಇರ್ಬೇಕೋ ಬೇಡ್ವೋ ಅಂತ ಎರಡೂ ಸೇರಿ ತೀರ್ಮಾನ ಮಾಡ್ತವೆ. ಹಿಂದಿನ ಶೋಲ್ಡರ್ ಓರೆ ಇದ್ದು ಅದು ಮೊದ್ಲು ಗಟ್ಟಿಯಾಗಿ ಕೂತ್ಬಿಟ್ರೆ ಮುಂದಿನದು ಎಷ್ಟೇ ಚೆನ್ನಾಗಿ ಕೊಯ್ದಿದ್ರೂ ಬಾಯಿ ಬಿಡುತ್ತೆ. ಜನ ಕಣ್ಣಿಗೆ ಕಾಣೋ ಸಂದಿ ಇರೋ ಕಡೆನೇ ಉಳಿ ಹಿಡ್ಕೊಂಡು ಕೂರ್ತಾರೆ, ಸರಿ ಇದ್ದ ಶೋಲ್ಡರನ್ನೇ ಕೆತ್ತಿ ಹಾಳು ಮಾಡ್ತಾರೆ, ಆಮೇಲೆ ನಾಲ್ಕೂ ಮೂಲೆ ಹೋಗುತ್ತೆ.

ಅದಕ್ಕೆ ತಪ್ಪು ಯಾವುದ್ರಲ್ಲಿದೆ ಅಂತ ಬೇರೆ ಬೇರೆಯಾಗಿ ನೋಡಿ. ಆ ಮೂಲೆಯ ಎರಡು ಮರಾನ ಮಾತ್ರ ಫ್ರೇಮಿಂದ ಬಿಡಿಸ್ಕೊಂಡು ಒಣದಾಗೇ ಜೋಡಿಸಿ, ಮುಂದಿನ ಶೋಲ್ಡರ್ ಪೂರ್ತಿ ತಾಗೋ ಹಾಗೆ ಕೈಯಲ್ಲೇ ಒತ್ತಿ ಹಿಡ್ಕೊಳ್ಳಿ, ಒಳ ಮೂಲೆಗೆ ಟ್ರೈಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದು ನೋಡಿ. ಬೆಳಕು ಕಾಣ್ದೆ ಇದ್ರೆ ಆ ಶೋಲ್ಡರ್ ನಿರಪರಾಧಿ, ಅದನ್ನ ಮುಟ್ಬೇಡಿ. ಆಮೇಲೆ ಹಿಂದಿನದನ್ನ ಮಾತ್ರ ಪೂರ್ತಿ ತಾಗಿಸಿ ಮತ್ತೆ ಟ್ರೈಸ್ಕ್ವೇರ್ ಇಡಿ. ಯಾವುದನ್ನ ತಾಗಿಸಿದಾಗ ಮೂಲೆ 90 ಬಿಟ್ಟು ಹೋಗುತ್ತೋ ಅದ್ರಲ್ಲೇ ತಪ್ಪು ಇರೋದು. ಎರಡ್ರಲ್ಲೂ ಹೋದ್ರೆ ಮರದ ಒಳ ಅಂಚು ನೇರ ಇದ್ಯಾ ಅಂತ ಸ್ಕೇಲ್ ಇಟ್ಟು ನೋಡಿ, ಅಂಚು ಬಾಗಿದ್ರೆ ಶೋಲ್ಡರ್ ಎಷ್ಟು ತಿದ್ದಿದ್ರೂ ಪ್ರಯೋಜನ ಇಲ್ಲ.

ಓರೆ ಇರೋ ಶೋಲ್ಡರ್ ಸಿಕ್ಕ ಮೇಲೆ ಗರಗಸ ಬೇಡ. ಮೂಲೆನ 90ಕ್ಕೆ ಹಿಡಿದಾಗ ಯಾವ ತುದಿ ಮೊದ್ಲು ತಾಗ್ತಿದ್ಯೋ ಆ ತುದೀಲಿ ಮಾತ್ರ ಮರ ಜಾಸ್ತಿ ಇದೆ, ಸಂದಿ ಇರೋ ತುದೀಲಿ ಒಂದು ಚೂರೂ ತೆಗೀಬಾರ್ದು. ಸಂದಿ ಇರೋ ತುದಿಯಿಂದ ಶುರು ಮಾಡಿ ಟ್ರೈಸ್ಕ್ವೇರ್ ಹಿಡಿದು ಚೂಪಾದ ಚಾಕುವಲ್ಲಿ ಹೊಸ ಗೆರೆ ಹಾಕಿ, ಪೆನ್ಸಿಲ್ ಅಲ್ಲ, ಯಾಕಂದ್ರೆ ಪೆನ್ಸಿಲ್ ಗೆರೆಗೇ ಅರ್ಧ ಎಂಎಂ ದಪ್ಪ ಇರುತ್ತೆ ಮತ್ತೆ ನಮ್ಮ ತಕರಾರೆಲ್ಲಾ ಅಷ್ಟರ ಒಳಗೇ ಇರೋದು. ಚಾಕು ಗೆರೆ ಎಳೆನ ಮೊದ್ಲೇ ಕತ್ತರಿಸಿರುತ್ತೆ, ಅಗಲದ ಉಳಿನ ಆ ಗೆರೆಯೊಳಗೇ ನಿಲ್ಲಿಸಿ ನೇರ ಕೆಳಗೆ ಒತ್ತಿದ್ರೆ ಅಂಚು ಚಕ್ಕೆ ಏಳಲ್ಲ. ಹೊರ ಅಂಚಿನ ತನಕ ಒಂದೇ ಸಲ ತಳ್ಳಬೇಡಿ, ಎರಡೂ ಕಡೆಯಿಂದ ನಡುವಿಗೆ ಬನ್ನಿ, ಇಲ್ದಿದ್ರೆ ಆಚೆ ಕಡೆ ಮರ ಕಿತ್ಕೊಂಡು ಬರುತ್ತೆ.

ಶೋಲ್ಡರ್ 90 ಇದ್ರೂ ಉದ್ದಕ್ಕೂ ಒಂದೇ ಸಮ ಸಣ್ಣ ಸಂದಿ ಉಳೀತು ಅಂದ್ರೆ ಕಾರಣ ಬೇರೆ: ಶೋಲ್ಡರ್ ಮತ್ತು ತಳ ಸೇರೋ ಮೂಲೇಲಿ ಒಂದಿಷ್ಟು ಮರದ ಎಳೆ ಉಳ್ಕೊಂಡಿರುತ್ತೆ ಅಥವಾ ಶೋಲ್ಡರ್ ಗೋಡೆ ಕೆಳಗೆ ಹೋಗ್ತಾ ಆಚೆ ವಾಲಿರುತ್ತೆ. ಎದುರು ಮರ ಕೆಳಗಡೆ ತಾಗಿ ನಿಂತ್ಬಿಡುತ್ತೆ, ಮೇಲೆ ಸಂದಿ. ಉಳಿಯ ತುದಿಯಿಂದ ಶೋಲ್ಡರ್ ಬುಡದ ಆ ಮೂಲೇನ ಸ್ವಚ್ಛ ಮಾಡಿ. ಗೋಡೆನ ಕೆಳಗಡೆ ಒಂದು ಕೂದಲೆಳೆ ಒಳಗೆ ತಗೊಂಡ್ರೆ ತೊಂದ್ರೆ ಇಲ್ಲ, ಆದ್ರೆ ಹೊರ ಅಂಚಲ್ಲಿ ಹಾಗೆ ಮಾಡ್ಬೇಡಿ, ಅಲ್ಲಿ ಬದಿಯಿಂದ ಎದ್ದು ಕಾಣುತ್ತೆ.

ಮೇಲ್ಮೈ ಮಟ್ಟ ತಪ್ಪಿರೋದಕ್ಕೆ ಬಹುಶಃ ಮಾರ್ಕಿಂಗ್ ಗೇಜ್ ಹಿಡಿದ ರೀತಿ ಕಾರಣ. ಗೇಜನ್ನ 18 ಎಂಎಂಗೆ ಇಟ್ಟು ಎರಡೂ ಮರಕ್ಕೆ ಮುಂದಿನ ಮುಖದಿಂದಲೇ ಗೆರೆ ಹಾಕ್ಬೇಕು, ಒಂದ್ರಲ್ಲಿ ಗೆರೆಯ ಮೇಲಿನ ಮರ ತೆಗೀಬೇಕು, ಇನ್ನೊಂದ್ರಲ್ಲಿ ಕೆಳಗಿನದು. ಹೀಗೆ ಮಾಡಿದ್ರೆ ಗೇಜ್ 17.6ಕ್ಕೆ ನಿಂತಿದ್ರೂ ಚಿಂತೆ ಇಲ್ಲ, ಒಂದ್ರಲ್ಲಿ ತೆಗೆದಷ್ಟೇ ಇನ್ನೊಂದ್ರಲ್ಲಿ ಉಳಿದಿರುತ್ತೆ, ಮುಂದಿನ ಮುಖ ಸಮ ಬರುತ್ತೆ, ಮರದ ದಪ್ಪದಲ್ಲಿ ವ್ಯತ್ಯಾಸ ಇದ್ರೆ ಅದು ಹಿಂದ್ಗಡೆ ಹೋಗುತ್ತೆ. ಒಂದಕ್ಕೆ ಮುಂದಿನಿಂದ, ಇನ್ನೊಂದಕ್ಕೆ ಹಿಂದಿನಿಂದ ಗೆರೆ ಹಾಕಿದ್ರೆ ಗೇಜಿನ ತಪ್ಪು ಡಬಲ್ ಆಗುತ್ತೆ.

ಗೆರೆ ಸರಿ ಇದ್ದೂ ಮೆಟ್ಟಿಲು ಬಂದಿದ್ರೆ ತಳದಲ್ಲಿ ಉಬ್ಬು ಇರ್ಬೇಕು. ಒಂದು ತಳಕ್ಕೆ ಪೆನ್ಸಿಲ್ ಉಜ್ಜಿ, ಜೋಡಿಸಿ, ಕೊಡತಿಯಲ್ಲಿ ಮೆಲ್ಲಗೆ ತಟ್ಟಿ ಬಿಚ್ಚಿ. ಎದುರು ಮರದಲ್ಲಿ ಎಲ್ಲಿ ಕಪ್ಪು ಹತ್ತಿದೆ ಅನ್ನೋದು ಎಲ್ಲಿ ಎತ್ತರ ಇದೆ ಅಂತ ಹೇಳುತ್ತೆ, ಸಾಮಾನ್ಯವಾಗಿ ನಡುಮಧ್ಯೆ ಇಲ್ಲಾ ಶೋಲ್ಡರ್ ಬುಡದಲ್ಲಿ. ಆ ಕಲೆ ಇರೋ ಕಡೆ ಮಾತ್ರ ತೆಳ್ಳಗೆ ಕೆತ್ತಿ, ಗೇಜ್ ಗೆರೆ ದಾಟ್ಬೇಡಿ. ಆಕಸ್ಮಾತ್ ತಳ ಜಾಸ್ತಿ ಇಳಿದು ಹೋಗಿದ್ರೆ ಅದೇ ಮರದ ತೆಳು ಚಕ್ಕೆ ಅಂಟಿಸಿ, ಒಣಗಿದ ಮೇಲೆ ಮತ್ತೆ ಗೆರೆಗೆ ಇಳಿಸ್ಕೊಳ್ಳಿ. ಗ್ಲೂ ತುಂಬಿ ಮುಚ್ತೀನಿ ಅಂದ್ಕೊಂಡ್ರೆ ಆ ಜಾಯಿಂಟ್ ನಿಲ್ಲಲ್ಲ, ಹಾಫ್ ಲ್ಯಾಪಿನ ಬಲ ಪೂರ್ತಿ ಆ ಎರಡು ಅಗಲ ಮುಖ ಒಂದಕ್ಕೊಂದು ಅಂಟೋದ್ರಲ್ಲೇ ಇರೋದು.

ತಿದ್ದಿದ ಮೇಲೆ ಎದುರುಬದುರಿನ ಮರಗಳನ್ನ ಪಕ್ಕಪಕ್ಕ ಇಟ್ಟು ಶೋಲ್ಡರಿಂದ ಶೋಲ್ಡರ್‌ಗೆ ಅಳತೆ ಹೋಲಿಸಿ, ಉದ್ದದವು ಎರಡೂ 460, ಅಡ್ಡದವು ಎರಡೂ 260. ನೀವು ಒಂದ್ರಲ್ಲಿ ಅರ್ಧ ಎಂಎಂ ತೆಗೆದಿದ್ರೆ ಜೋಡಿ ಮರದಲ್ಲೂ ಅಷ್ಟೇ ತೆಗೀಬೇಕಾಗುತ್ತೆ, ಟೇಪ್ ಏನು ಹೇಳುತ್ತೆ ಅನ್ನೋದಕ್ಕಿಂತ ಎರಡೂ ಸಮ ಇರೋದು ಮುಖ್ಯ. ತೆಗೆದಷ್ಟು ತುದಿಗಳು ಆಚೆ ಚಾಚ್ಕೊಳ್ತವೆ, ಅದಕ್ಕೆ ತಲೆ ಕೆಡಿಸ್ಕೋಬೇಡಿ, ಅಂಟಿಸಿ ಒಣಗಿದ ಮೇಲೆ ಪ್ಲೇನರ್ ಹಾಕಿ ಸಮ ಮಾಡ್ಕೋಬಹುದು. ಮುಂದಿನ ಫ್ರೇಮಿಗೆ ಜೋಡಿ ಮರಗಳನ್ನ ಒಟ್ಟಿಗೆ ಕ್ಲಾಂಪ್ ಮಾಡಿ ಶೋಲ್ಡರ್ ಗೆರೇನ ಎರಡರ ಮೇಲೂ ಒಂದೇ ಸಲ ಹಾಕಿ, ತುದೀಲಿ 1-2 ಎಂಎಂ ಜಾಸ್ತಿನೂ ಬಿಟ್ಕೊಳ್ಳಿ.

ಕೊನೇದಾಗಿ ನಾಲ್ಕೂ ಮೂಲೆ ಒಣದಾಗಿ ಜೋಡಿಸಿ ಒಳಗಿನ ಎರಡೂ ಕರ್ಣ ಅಳೆದು ನೋಡಿ, 460 × 260ಕ್ಕೆ ಸುಮಾರು 528 ಎಂಎಂ ಬರ್ಬೇಕು ಮತ್ತು ಎರಡೂ ಒಂದೇ ಇರ್ಬೇಕು. ಆಮೇಲೆ ಫ್ರೇಮ್ ತಿರುಗಿಸಿ ಹಿಂದಿನ ನಾಲ್ಕು ಶೋಲ್ಡರ್ ಕೂಡ ನೋಡಿ. ಕೈಯಲ್ಲಿ ಒತ್ತಿದ್ರೇ ಎಂಟೂ ಮುಚ್ಚಿದ್ರೆ ಗ್ಲೂ ಹಾಕಿ, ಕ್ಲಾಂಪ್ ಆಗ ಬರೀ ಹಿಡ್ಕೊಳ್ಳೋಕೆ ಮಾತ್ರ ಸಾಕು.