ಸಕ್ಷನ್ ಆದ್ಮೇಲೂ ಹೈ ಪ್ರೆಶರ್ ಅಲಾರ್ಮ್

"ರಾಯಚೂರಲ್ಲಿ ಐಸಿಯು ಪೋಸ್ಟಿಂಗ್. ಸಕ್ಷನ್ ಮಾಡಿದ್ರೂ ವೆಂಟಿಲೇಟರಿನ ಹೈ ಪ್ರೆಶರ್ ಅಲಾರ್ಮ್ ನಿಲ್ತಿಲ್ಲ. ಪೀಕ್ 42, ಪ್ಲಾಟೋ 20. ಏನು ನೋಡ್ಬೇಕು?"

ತೊಂದರೆ ಶ್ವಾಸಕೋಶದ ಬಿಗಿತದ್ದಲ್ಲ, ಗಾಳಿ ಹೋಗೋ ದಾರಿಯದ್ದು. ಬಿಗಿತ ಆಗಿದ್ರೆ ಪ್ಲಾಟೋನೂ ಏರ್ತಿತ್ತು. ಟ್ಯೂಬಲ್ಲಿ ಕಫ ಒಣಗಿ ಅಂಟಿರಬಹುದು, ನೋಡದೆ ಖಚಿತವಾಗಿ ಹೇಳಕ್ಕಾಗಲ್ಲ.

ಮೊದಲು ರೋಗಿಯ ಸ್ಯಾಚುರೇಷನ್, ಎದೆಯ ಏರಿಳಿತ ನೋಡಿ. ಟ್ಯೂಬ್ ಕಚ್ಚಿದ್ದಾರಾ, ಸರ್ಕ್ಯೂಟ್ ಮಡಚಿದೆಯಾ, ನೀರು ನಿಂತಿದೆಯಾ? ಆಮೇಲೆ ಎಚ್‌ಎಂಇ ಫಿಲ್ಟರ್ ಬದಲಿಸಿ. ಕಫ ಮೆತ್ತಿದ ಫಿಲ್ಟರನ್ನ ಎಲ್ಲರೂ ಮರೀತಾರೆ.

ಇನ್ನೂ ಕೂಗಿದ್ರೆ 100% ಆಕ್ಸಿಜನ್ ಕೊಟ್ಟು ಕ್ಯಾಥೆಟರ್ ಇಳಿಸಿ. ಸಲೀಸಾಗಿ ಇಳಿದು, ಎದೆಯಲ್ಲಿ ವೀಜ್ ಕೇಳಿದ್ರೆ ಬ್ರಾಂಕೋಸ್ಪಾಸಮ್; ನೆಬ್ಯುಲೈಸೇಷನ್‌ಗೆ ಡಾಕ್ಟರಿಗೆ ಹೇಳಿ. ಅರ್ಧಕ್ಕೇ ತಡೆದ್ರೆ ಒತ್ತಿ ತಳ್ಳಬೇಡಿ. ಅನಸ್ತೇಷಿಯಾದವರನ್ನ ಕರೀರಿ, ಟ್ಯೂಬ್ ಬದಲಿಸಬೇಕಾಗಬಹುದು. ಅಷ್ಟರಲ್ಲಿ ಸ್ಯಾಚುರೇಷನ್ ಬಿದ್ರೆ ವೆಂಟಿಲೇಟರ್ ಬಿಡಿಸಿ ಆಂಬು ಒತ್ತಿ. ಅಲಾರ್ಮ್ ಲಿಮಿಟ್ ಮಾತ್ರ ಏರಿಸಬೇಡಿ.