ಬರೀ "ಹಾಯ್ ಸರ್" ಅಂದರೆ ಸರ್ ಏನು ಮಾಡಬೇಕು?

*ಅಕೌಂಟ್ಸ್ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಯಿತು. ಬೇರೆ ಊರಿನ ಆಫೀಸಿನಲ್ಲಿರುವ ಸೀನಿಯರ್ ಒಬ್ಬರನ್ನು ದಿನಾ ಏನಾದರೂ ಕೇಳಬೇಕಾಗುತ್ತದೆ. ಟೀಮ್ಸ್‌ನಲ್ಲಿ "ಹಾಯ್ ಸರ್" ಅಂತ ಹಾಕಿ ಕಾಯುತ್ತೇನೆ. ಎರಡು ಗಂಟೆ ಉತ್ತರವೇ ಇರುವುದಿಲ್ಲ. ಅವರು "ಹೇಳಿ" ಅಂದ ಮೇಲೆ ಇಂಗ್ಲಿಷ್ ತಪ್ಪಾಗಬಾರದು ಅಂತ ಒಂದು ಹತ್ತು ನಿಮಿಷ ಟೈಪ್ ಮಾಡುತ್ತೇನೆ. ಅಷ್ಟರಲ್ಲಿ ಮೀಟಿಂಗಿಗೆ ಹೋಗಿರುತ್ತಾರೆ. ಅವರು ಮಾತಾಡಿಸುವ ಮೊದಲೇ ವಿಷಯ ಹೇಳಿದರೆ ಒರಟುತನ ಅಂತ ನಮ್ಮ ಟೀಮ್ ಲೀಡ್ ಹೇಳಿಕೊಟ್ಟಿದ್ದಾರೆ. ಸರ್‌ಗೆ ನನ್ನ ಮೇಲೆ ಸಿಟ್ಟಾ?*
*– ಮೈಸೂರಿನ ಓದುಗಿ*

ಸಿಟ್ಟಿಲ್ಲ. ನೀವು ಸುಮ್ನೆ ಒಂದು ಮಾತಿನಲ್ಲಿ ದಾಟಿಸಿದ ಆ ಹತ್ತು ನಿಮಿಷವೇ ನನಗೆ ಮುಖ್ಯವಾಗಿ ಕಂಡಿತು. ಆ ಕಡೆ ಕೂತವರಿಗೆ ಕಾಣುವುದು, ನೀವು ಟೈಪ್ ಮಾಡುತ್ತಿದ್ದೀರಿ ಅನ್ನುವ ಗುರುತು ಮಾತ್ರ. ಅದು ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಅವರು ಕೈಲಿದ್ದ ಕೆಲಸ ಬಿಟ್ಟು ಅದನ್ನೇ ನೋಡುತ್ತಾ ಎಷ್ಟು ಹೊತ್ತು ಕೂರುತ್ತಾರೆ?

ಎದುರಿಗೆ ಸಿಕ್ಕಾಗ "ನಮಸ್ಕಾರ ಸರ್" ಅಂದರೆ ತಲೆ ಆಡಿಸುತ್ತಾರೆ, ಎರಡೇ ಕ್ಷಣದಲ್ಲಿ ನೀವು ವಿಷಯಕ್ಕೆ ಬರುತ್ತೀರಿ. ಚಾಟಿನಲ್ಲಿ ಆ ಎರಡು ಕ್ಷಣ ಎರಡು ಗಂಟೆಯಾಗುತ್ತದೆ. ಬರೀ "ಹಾಯ್" ನೋಡಿದವರಿಗೆ ಇದು ಒಂದು ನಿಮಿಷದ ಕೆಲಸವೋ ಅರ್ಧ ದಿನದ್ದೋ ಗೊತ್ತಾಗುವುದಿಲ್ಲ. ಆಮೇಲೆ ನೋಡೋಣ ಅಂತ ಬಿಡುತ್ತಾರೆ. ನಾನೂ ಬಿಡುತ್ತೇನೆ.

ತಪ್ಪು ನಿಮ್ಮದಕ್ಕಿಂತ ಟೀಮ್ ಲೀಡ್‌ದು ಜಾಸ್ತಿ. ಮನೆ ಬಾಗಿಲಲ್ಲಿ ನಿಂತು ಕರೆಯುವ ಮರ್ಯಾದೆಯನ್ನು ತಂದು ಚಾಟಿಗೆ ಅಂಟಿಸಿದ್ದಾರೆ. ಚಾಟಿನಲ್ಲಿ ಕಾಯಿಸದಿರುವುದೇ ಮರ್ಯಾದೆ. ಹಾಗಂತ ನಮಸ್ಕಾರ ಬಿಡಬೇಕಿಲ್ಲ. ಅದರ ಬೆನ್ನಿಗೇ ವಿಷಯವೂ ಹೋಗಲಿ:

"ನಮಸ್ಕಾರ ಸರ್. ಸ್ಟೇಷನರಿ ಬಿಲ್ಲಿನಲ್ಲಿ 48,600 ಇದೆ, ನಮ್ಮ ಪರ್ಚೇಸ್ ಆರ್ಡರಿನಲ್ಲಿ 46,800. ಅಂಕಿ ಅದಲುಬದಲಾಗಿರಬಹುದು ಅನ್ನಿಸುತ್ತದೆ. ಪೇಮೆಂಟ್ ತಡೆಹಿಡಿಯಲಾ? ಸಂಜೆ 4ಕ್ಕೆ ಬ್ಯಾಂಕಿಗೆ ಕಳಿಸಬೇಕು. ಎರಡರ ಫೋಟೋ ಹಾಕಿದ್ದೇನೆ."

ಸರ್ ಇದನ್ನು ಮೀಟಿಂಗಿನ ನಡುವೆ ಓದಿದರೂ "ತಡೆಹಿಡಿಯಿರಿ" ಅಂತ ಒಂದೇ ಪದ ಬರೆದರೆ ಸಾಕು. ಆ 4 ಗಂಟೆಯ ಮಾತು ಮರೆಯಬೇಡಿ. ಅದಿಲ್ಲದಿದ್ದರೆ ನಾಳೆ ನೋಡಿದರಾಯಿತು ಅಂದುಕೊಳ್ಳುತ್ತಾರೆ. ಇದನ್ನು ಕನ್ನಡದಲ್ಲೇ ಬರೆಯಿರಿ. ಅವರು "ಹೇಳಿ" ಅಂದರು, ಅಲ್ವಾ? ಇಂಗ್ಲಿಷೇ ಬೇಕಿದ್ದರೆ, ಕಳಿಸುವ ಮೊದಲು ಇಪ್ಪತ್ತು ನಿಮಿಷ ತಿದ್ದಿದರೂ ಅಡ್ಡಿಯಿಲ್ಲ. ಅವರು ಇನ್ನೂ ಕಾಯುತ್ತಿಲ್ಲವಲ್ಲ.

ರಜೆ, ಸಂಬಳದಂಥ ಮಾತಾದರೆ ಎಲ್ಲವನ್ನೂ ಬರೆಯಲು ಆಗದು, ಸರಿ. ಆಗಲೂ "ಸ್ವಂತ ವಿಷಯ, ಹತ್ತು ನಿಮಿಷ ಫೋನಿನಲ್ಲಿ ಮಾತಾಡಬೇಕು, ಈ ವಾರ ಯಾವಾಗಲಾದರೂ ಸರಿ" ಅನ್ನಿ. ಇಲ್ಲದಿದ್ದರೆ ಏನಾಯಿತೋ ಅಂತ ಗಾಬರಿಯಾಗುತ್ತಾರೆ.

ನಾಳೆಯಿಂದ ಮಾಡಬೇಕಾದ್ದು ಒಂದೇ. "ಹಾಯ್ ಸರ್" ಆದ ಮೇಲೆ ಎಂಟರ್ ಒತ್ತಬೇಡಿ. ಶಿಫ್ಟ್ ಹಿಡಿದು ಎಂಟರ್ ಒತ್ತಿ. ಮೆಸೇಜ್ ಹೋಗುವುದಿಲ್ಲ, ಹೊಸ ಸಾಲು ಬರುತ್ತದೆ. ಪ್ರಶ್ನೆ ಅಲ್ಲಿ ಬರೆಯಿರಿ.